ಅಂಕಿ ‘ಇಲ್ಲ’ ಎಂದಾಗ, ಮಾತು ‘ಹೌದು’ ಎಂದಾಗ: ಮಿಶ್ರ ವಿಧಾನದ ಪ್ರಬಂಧದಲ್ಲಿ ಎರಡನ್ನೂ ಹೆಣೆಯುವುದು ಹೇಗೆ?

ಸಮೀಕ್ಷೆಯ ಅಂಕಿಗಳನ್ನೂ ಸಂದರ್ಶನದ ಮಾತುಗಳನ್ನೂ ಒಟ್ಟಿಗೆ ಬಳಸುವ ಮಿಶ್ರ ವಿಧಾನದ ಪ್ರಬಂಧದ ಕರಡು ಕೈಗೆ ಬಂದರೆ ನಾನು ಮೊದಲು ಹುಡುಕುವುದು ಒಂದೇ ವಾಕ್ಯವನ್ನು. ‘ಸಮೀಕ್ಷೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಆದರೆ ಸಂದರ್ಶನಗಳಲ್ಲಿ ಕಾರ್ಯಕ್ರಮ ಪರಿಣಾಮಕಾರಿ ಎಂದು ತಿಳಿದುಬಂತು.’ ಮಾತು ಸ್ವಲ್ಪ ಬದಲಾಗಿರಬಹುದು, ವಾಕ್ಯ ಮಾತ್ರ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಆ ‘ಆದರೆ’ಯೇ ಕೇಡು. ಅಂಕಿಗಳ ಮುಂದೆ ಸೋತ ಮೊಕದ್ದಮೆಯನ್ನು ಲೇಖಕರು ಸಂದರ್ಶನದ ಮುಂದೆ ಮೇಲ್ಮನವಿಗೆ ಒಯ್ದಿದ್ದಾರೆ ಎಂದು ಅದರ ಅರ್ಥ. ನಾನೂ ಒಂದು ಕಾಲದಲ್ಲಿ ಇದನ್ನೇ ಬರೆದು, ವಿಮರ್ಶಕರಿಂದ ಚೆನ್ನಾಗಿಯೇ ಬೈಸಿಕೊಂಡಿದ್ದೇನೆ.

ಕೈಯಲ್ಲಿ ಒಂದು ಉದಾಹರಣೆ ಇರಲಿ. ಇದು ಪೂರ್ತಿ ಕಲ್ಪಿತ, ಅಂಕಿಗಳೂ ಕಲ್ಪಿತ. ಒಂದು ಆಸ್ಪತ್ರೆಯಲ್ಲಿ ನರ್ಸ್‌ಗಳು ತಮ್ಮ ಪಾಳಿಯನ್ನು ತಾವೇ ಆರಿಸಿಕೊಳ್ಳುವ ಪದ್ಧತಿ ಬಂತು. ಅದಕ್ಕೆ ಮೊದಲು ಒಮ್ಮೆ, 12 ವಾರಗಳ ನಂತರ ಒಮ್ಮೆ 84 ನರ್ಸ್‌ಗಳು ಕೆಲಸದ ಒತ್ತಡದ ಪ್ರಶ್ನಾವಳಿ ತುಂಬಿದರು. ಅಂಕ 0ಯಿಂದ 40. ಸರಾಸರಿ ಇಳಿಕೆ 0.9. ಅವರಲ್ಲಿ 16 ಜನರ ಸಂದರ್ಶನ ನಡೆಯಿತು; 13 ಮಂದಿ ‘ಒತ್ತಡ ಕಡಿಮೆಯಾಯಿತು’ ಎಂದರು. ಈಗ ಏನು ಬರೆಯುವುದು?

ಹಂತ 1: ಎರಡು ಎಳೆಗಳನ್ನೂ ಬೇರೆಬೇರೆಯಾಗಿ ಬರೆದು ಮುಗಿಸಿ

ಸಂಖ್ಯೆಗಳ ಫಲಿತಾಂಶ ಒಂದು ಕಡತದಲ್ಲಿ, ಸಂದರ್ಶನಗಳಲ್ಲಿ ಮತ್ತೆ ಮತ್ತೆ ಬಂದ ವಿಷಯಗಳು, ಅಂದರೆ ಥೀಮ್‌ಗಳು, ಇನ್ನೊಂದರಲ್ಲಿ. ದಿನಾಂಕ ಹಾಕಿ ಮುಚ್ಚಿಡಿ. ಒಂದನ್ನು ನೋಡುತ್ತಾ ಇನ್ನೊಂದನ್ನು ತಿದ್ದಲು ಹೊರಟರೆ ಹೆಣೆಯುವುದಕ್ಕೆ ಏನೂ ಉಳಿಯುವುದಿಲ್ಲ, ಎರಡೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಸಂದರ್ಶಿತರನ್ನು ಸಮೀಕ್ಷೆಯ ಅಂಕ ನೋಡಿಯೇ ಆರಿಸಿದ ಅಧ್ಯಯನವಾದರೆ ಪೂರ್ತಿ ಬೇರೆಯಾಗಿಡಲು ಆಗದು. ಆಗ ಆರಿಸಿದ್ದು ಹೇಗೆ ಎಂಬುದನ್ನು ಬರೆದಿಡಿ.

ಹಂತ 2: ‘ಗಮನಾರ್ಹವಲ್ಲ’ ಎಂಬುದನ್ನು ಬಿಡಿಸಿ ಓದಿ

ಬಹಳ ಜಗಳಗಳು ಇಲ್ಲಿಯೇ ಹುಟ್ಟುತ್ತವೆ. ಪಿ-ಮೌಲ್ಯ 0.05ಕ್ಕಿಂತ ಹೆಚ್ಚು ಎಂದರೆ ‘ಪರಿಣಾಮವಿಲ್ಲ’ ಎಂದಲ್ಲ. ವಿಶ್ವಾಸದ ಅಂತರ, ಅಂದರೆ ಕಾನ್ಫಿಡೆನ್ಸ್ ಇಂಟರ್‌ವಲ್ ನೋಡಿ. ನಮ್ಮ ಉದಾಹರಣೆಯಲ್ಲಿ ಅದು 2.6 ಅಂಕದ ಇಳಿಕೆಯಿಂದ 0.8 ಅಂಕದ ಏರಿಕೆಯವರೆಗೆ ಇದೆ ಎಂದುಕೊಳ್ಳಿ. ಕನಿಷ್ಠ 3 ಅಂಕ ಇಳಿದರೆ ಮಾತ್ರ ಅದಕ್ಕೆ ಅರ್ಥವಿದೆ ಎಂದು ಅಧ್ಯಯನಕ್ಕೆ ಮೊದಲೇ ಗೊತ್ತುಮಾಡಿಕೊಂಡಿದ್ದರೆ, ಅಷ್ಟು ದೊಡ್ಡ ಸರಾಸರಿ ಇಳಿಕೆಗೆ ಈ ಅಂಕಿಗಳು ಹೊಂದುವುದಿಲ್ಲ ಎಂದು ಬರೆಯಬಹುದು. ಅದು ಗಟ್ಟಿ ಮಾತು. ಅದೇ ಅಂತರ 6ರ ಇಳಿಕೆಯಿಂದ 4ರ ಏರಿಕೆಯವರೆಗೆ ಹರಡಿದ್ದರೆ, ಅಂಕಿಗಳು ಏನನ್ನೂ ಹೇಳುತ್ತಿಲ್ಲ. ಏನೂ ಹೇಳದ ಎಳೆಯ ಜೊತೆ ಸಂದರ್ಶನಕ್ಕೆ ವಿರೋಧ ಎಲ್ಲಿಂದ ಬರಬೇಕು? ಎಷ್ಟೋ ಕರಡುಗಳಲ್ಲಿ ಚಿಕ್ಕ ಸ್ಯಾಂಪಲ್ಲಿನ ಮೌನವನ್ನೇ ನಿರಾಕರಣೆ ಎಂದು ಓದಿ, ಆಮೇಲೆ ಇಲ್ಲದ ವಿರೋಧವನ್ನು ಸಮಾಧಾನ ಮಾಡಲು ಎರಡು ಪುಟ ಖರ್ಚು ಮಾಡಿರುತ್ತಾರೆ.

ಹಂತ 3: ಫಲಿತಾಂಶಗಳನ್ನು ಸಣ್ಣ ಹೇಳಿಕೆಗಳಾಗಿ ಕತ್ತರಿಸಿ

‘ಕಾರ್ಯಕ್ರಮ ಚೆನ್ನಾಗಿದೆ’ ಎಂಬಂಥ ದಪ್ಪ ತುಂಡುಗಳನ್ನು ಹೋಲಿಸಲಾಗದು. ಒಂದು ಸಾಲಿಗೆ ಒಂದೇ ವಿಷಯ: ಕೆಲಸದ ಹೊರೆ, ಮನೆಯ ದಿನಗಳ ಮೇಲಿನ ಹಿಡಿತ, ರಾತ್ರಿ ಪಾಳಿಯ ಹಂಚಿಕೆ, ‘ಒತ್ತಡ’ ಎಂಬ ಮಾತು.

ಹಂತ 4: ಒಂದೇ ಕೋಷ್ಟಕದಲ್ಲಿ ಎದುರುಬದುರು ಇಡಿ

ಇದಕ್ಕೆ ಜಾಯಿಂಟ್ ಡಿಸ್‌ಪ್ಲೇ ಎನ್ನುತ್ತಾರೆ. ಎಡಕ್ಕೆ ವಿಷಯ, ನಂತರ ಅಂಕಿ, ನಂತರ ಥೀಮ್ ಮತ್ತು ಒಂದು ಉದ್ಧೃತ ಮಾತು, ನಂತರ ಇವೆರಡರ ಸಂಬಂಧ, ಕೊನೆಗೆ ಎರಡನ್ನೂ ಇಟ್ಟುಕೊಂಡು ನೀವು ಕಟ್ಟುವ ತೀರ್ಮಾನ. ಗುಣಾತ್ಮಕ ಸಾಫ್ಟ್‌ವೇರ್‌ಗಳಲ್ಲಿ ಗುಂಡಿ ಒತ್ತಿದರೆ ಥೀಮ್ ಮತ್ತು ಗುಂಪುಗಳ ಬಣ್ಣಬಣ್ಣದ ಕೋಷ್ಟಕ ಬರುತ್ತದೆ. ಅದು ಎಣಿಕೆ ಮಾತ್ರ. ಕೊನೆಯ ಎರಡು ಕಂಬಗಳು ಅದರಲ್ಲಿ ಇರುವುದಿಲ್ಲ, ಕೆಲಸವೆಲ್ಲ ಇರುವುದು ಆ ಎರಡರಲ್ಲೇ. ನಾನಂತೂ ಮೊದಲ ಕೋಷ್ಟಕವನ್ನು ಕಾಗದದ ಮೇಲೆ ಪೆನ್ಸಿಲಿನಲ್ಲೇ ಬರೆಯುವುದು.

ಸಂಬಂಧದ ಕಂಬಕ್ಕೆ ಟ್ರಯಾಂಗ್ಯುಲೇಷನ್ ಪ್ರೋಟೋಕಾಲ್ ಎಂಬ ಪದ್ಧತಿಯ ನಾಲ್ಕು ಹೆಸರುಗಳು ಸಾಕು: ಒಪ್ಪಿಗೆ, ಭಾಗಶಃ ಒಪ್ಪಿಗೆ, ಮೌನ, ವಿರೋಧ. ಇವುಗಳಲ್ಲಿ ಜನ ಮರೆಯುವುದು ಮೌನವನ್ನು. ಒಂದು ಎಳೆ ಮಾತಾಡಿದ ವಿಷಯದ ಬಗ್ಗೆ ಇನ್ನೊಂದು ಎಳೆ ಬಾಯಿಯೇ ತೆರೆದಿಲ್ಲ ಎಂದಾಗ ಅದು ಮೌನ.

ನಮ್ಮ ಸಾಲುಗಳನ್ನು ತುಂಬೋಣ. ಕೆಲಸದ ಹೊರೆಯ ಪ್ರಶ್ನೆಗಳಲ್ಲಿ ಅಂಕ ಕದಲಿಲ್ಲ. ಸಂದರ್ಶನದಲ್ಲೂ ‘ಬೆಡ್ಡೂ ಅಷ್ಟೇ, ನಾವೂ ಅಷ್ಟೇ ಜನ’ ಎಂದರು. ಇದು ಒಪ್ಪಿಗೆ. ಮನೆಯ ದಿನಗಳ ಮೇಲಿನ ಹಿಡಿತದ ಬಗ್ಗೆ ಸಂದರ್ಶನದಲ್ಲಿ ಧಾರಾಳ ಮಾತಿದೆ: ‘ಮುಂದಿನ ವಾರ ಯಾವ ದಿನ ಮನೆಯಲ್ಲಿರುತ್ತೇನೆ ಎಂದು ಈಗ ನನಗೆ ಗೊತ್ತು.’ ಪ್ರಶ್ನಾವಳಿಯನ್ನು ತೆಗೆದು ಒಂದೊಂದೇ ಪ್ರಶ್ನೆ ಓದಿದರೆ, ಹೊರೆ, ಅವಸರ, ಮೇಲಿನವರ ಜೊತೆಗಿನ ಘರ್ಷಣೆ ಎಲ್ಲ ಇದೆ, ಮನೆಯ ವಿಷಯದ ಪ್ರಶ್ನೆ ಒಂದೂ ಇಲ್ಲ. ಇದು ಮೌನ. ಕರಡಿನಲ್ಲಿ ಇದನ್ನೇ ‘ವಿರೋಧ’ ಎಂದು ಬರೆದಿರುತ್ತಾರೆ. ಸ್ಕೇಲಿನ ಹೆಸರು ನೋಡಿ ಸುಮ್ಮನಾಗಬೇಡಿ, ಒಳಗಿನ ಪ್ರಶ್ನೆಗಳನ್ನು ಓದಿ.

ಹಂತ 5: ವಿರೋಧ ಎಂದು ಕಂಡ ಸಾಲಿಗೆ ನಾಲ್ಕು ಪ್ರಶ್ನೆ

ಉಳಿದದ್ದು ಕಷ್ಟದ ಸಾಲು: ಅಂಕ ಹೆಚ್ಚು ಇಳಿಯಲಿಲ್ಲ, 16ರಲ್ಲಿ 13 ಜನ ‘ಒತ್ತಡ ಇಳಿಯಿತು’ ಎಂದರು. ಯಾವ ಎಳೆ ಸರಿ ಎಂದು ಕೇಳಲೇಬೇಡಿ. ಎರಡೂ ಏಕಕಾಲಕ್ಕೆ ನಿಜವಾಗಲು ಏನಾಗಿರಬೇಕು ಎಂದು ಕೇಳಿ.

ಮೊದಲ ಪ್ರಶ್ನೆ, ಜನ ಒಂದೇನಾ? 84ರಲ್ಲಿ ಹಿರಿಯ ನರ್ಸ್‌ಗಳು 30, ಸಂದರ್ಶನದ 16ರಲ್ಲಿ 12. ಅಂದರೆ ಹಿರಿಯರ ದನಿಯೇ ಜೋರಾಗಿ ಕೇಳಿಸಿದೆ. ಸಮೀಕ್ಷೆಯನ್ನು ಒಡೆದು ನೋಡಿದರೆ ಹಿರಿಯರ ಅಂಕ ಸರಾಸರಿ 3.0 ಇಳಿದಿದೆ, ಕಿರಿಯರದ್ದು 0.3 ಏರಿದೆ. ‘ಉಳಿದ ರಾತ್ರಿಗಳೆಲ್ಲ ನಮಗೇ’ ಎಂದ ಕಿರಿಯರ ಮಾತಿಗೂ ಇದು ಹೊಂದುತ್ತದೆ. ಇಲ್ಲಿ ಕೈ ತುರಿಸುತ್ತದೆ, ತಡೆದುಕೊಳ್ಳಿ. ಈ ವಿಭಜನೆಯನ್ನು ಸಂದರ್ಶನ ಕೇಳಿದ ಮೇಲೆ ಮಾಡಿದ್ದು. ಹಾಗೆಂದೇ ಪ್ರಬಂಧದಲ್ಲಿ ಬರೆಯಬೇಕು, ಎರಡು ಗುಂಪುಗಳ ನಡುವಿನ ವ್ಯತ್ಯಾಸಕ್ಕೂ ವಿಶ್ವಾಸದ ಅಂತರ ಕೊಡಬೇಕು. ಕಿರಿಯರ ಕಡೆಯಿಂದ ಮಾತಾಡಿದವರು ನಾಲ್ಕೇ ಜನ ಎಂಬುದನ್ನೂ ಮುಚ್ಚಿಡಬಾರದು. ಇದು ಮುಂದೆ ಪರೀಕ್ಷಿಸಬೇಕಾದ ಊಹೆ, ಸಾಬೀತಾದ ಸಂಗತಿಯಲ್ಲ.

ಎರಡನೆಯದು, ಮಾತು ಒಂದೇನಾ? 13 ಜನರ ಸಂದರ್ಶನಗಳ ಲಿಖಿತ ರೂಪಕ್ಕೆ ವಾಪಸ್ ಹೋಗಿ, ‘ಒತ್ತಡ’ ಎಂಬ ಪದದ ಹಿಂದುಮುಂದಿನ ಸಾಲುಗಳನ್ನು ಓದಿ. 9 ಜನ ಹೇಳುತ್ತಿದ್ದದ್ದು ಮನೆಯ ದಿನಗಳ ಬಗ್ಗೆ. ಅವರು ಮೌನದ ಸಾಲಿಗೆ ಹೋಗುತ್ತಾರೆ. ವಾರ್ಡಿನ ಕೆಲಸದ ಬಗ್ಗೆಯೇ ಹೇಳಿದವರು 4.

ಮೂರನೆಯದು, ಕಾಲ ಒಂದೇನಾ? ಪ್ರಶ್ನಾವಳಿ ಕಳೆದ ಒಂದು ವಾರದ ಬಗ್ಗೆ ಕೇಳುತ್ತದೆ, ಸಂದರ್ಶನದಲ್ಲಿ ಜನ ಹೊಸ ಪದ್ಧತಿ ಬಂದ ಮೊದಲ ದಿನಗಳನ್ನು ನೆನೆಸಿಕೊಳ್ಳುತ್ತಿರಬಹುದು. ನಾಲ್ಕನೆಯದು, ಹೋಲಿಕೆ ಯಾವುದರ ಜೊತೆ? ಸಮೀಕ್ಷೆ ಹೋಲಿಸುವುದು ಎರಡು ಅಂಕಗಳನ್ನು. ಮನುಷ್ಯ ಹೋಲಿಸುವುದು ತಾನು ಕಂಡ ಅತಿ ಕೆಟ್ಟ ತಿಂಗಳಿನ ಜೊತೆ.

ಈಗ ಉಳಿದ ಆ 4 ಜನರ ಗುರುತಿನ ಸಂಖ್ಯೆ ಹಿಡಿದು ಅವರವರ ಅಂಕ ನೋಡಿ. (ಸಮೀಕ್ಷೆಗೂ ಸಂದರ್ಶನಕ್ಕೂ ಒಂದೇ ಸಂಖ್ಯೆ ಕೊಟ್ಟಿರದಿದ್ದರೆ ಈ ಬಾಗಿಲು ಮುಚ್ಚಿದಂತೆಯೇ, ಒಪ್ಪಿಗೆ ಪತ್ರ ಬರೆಯುವಾಗಲೇ ಯೋಚಿಸಬೇಕಾದ ವಿಷಯ ಇದು.) ಇಬ್ಬರ ಅಂಕ ಇಳಿದಿದೆ. ಇನ್ನಿಬ್ಬರದು ಇದ್ದಲ್ಲೇ ಇದೆ. ಅಲ್ಲಿಗೆ 13 ಜನರ ವಿರೋಧ ಇಬ್ಬರಿಗೆ ಬಂದು ನಿಂತಿತು. ಆ ಇಬ್ಬರನ್ನು ಬಿಡಿಸದೆ ಹಾಗೆಯೇ ಬರೆಯಿರಿ: ಇಬ್ಬರ ಮಾತಿಗೂ ಅಂಕಕ್ಕೂ ಹೊಂದಾಣಿಕೆ ಸಿಗಲಿಲ್ಲ. ‘ಸಂಕೋಚದಿಂದ ಹಾಗೆ ಹೇಳಿರಬಹುದು’ ಎಂದು ಆಧಾರವಿಲ್ಲದೆ ಅವರ ಮೇಲೆ ಹೊರಿಸಬೇಡಿ.

ಹೀಗೆ ತೆರೆದಿಟ್ಟ ಪ್ರಬಂಧಗಳೂ ಪ್ರಕಟವಾಗುತ್ತವೆ. 2006ರಲ್ಲಿ ಬಂದ ಇಂಗ್ಲೆಂಡಿನ ಒಂದು ಲೇಖನವನ್ನು ನಾನು ಎಲ್ಲರಿಗೂ ಓದಲು ಹೇಳುತ್ತೇನೆ. 60 ದಾಟಿದವರಿಗೆ ಸರ್ಕಾರಿ ಸವಲತ್ತುಗಳ ಬಗ್ಗೆ ಸಲಹೆ ಕೊಟ್ಟ ಪ್ರಯೋಗ ಅದು. ಆರೋಗ್ಯದ ಅಳತೆಗಳಲ್ಲಿ ವ್ಯತ್ಯಾಸ ಸಿಗಲಿಲ್ಲ, ಸಂದರ್ಶನದಲ್ಲಿ ಮಾತ್ರ ಜನ ಬದುಕಿಗೆ ಬಹಳ ಅನುಕೂಲವಾಯಿತು ಎಂದರು. ಲೇಖಕರು ಯಾವುದನ್ನೂ ಅಡಗಿಸದೆ, ಈ ಅಂತರವನ್ನು ಪರಿಶೀಲಿಸಲು ಆರು ದಾರಿಗಳನ್ನು ಒಂದೊಂದಾಗಿ ನಡೆದು ತೋರಿಸಿದರು.

ಹಂತ 6: ವಾಕ್ಯ ಕಟ್ಟುವುದು

ಮೊದಲ ಕರಡಿನ ‘ಆದರೆ’ ವಾಕ್ಯದ ಜಾಗಕ್ಕೆ ಬರಬೇಕಾದ್ದು ಹೀಗಿರುತ್ತದೆ: ‘ಪ್ರಶ್ನಾವಳಿ ಅಳೆದ ವಾರ್ಡಿನ ಒತ್ತಡ ಸರಾಸರಿಯಲ್ಲಿ ಅರ್ಥಪೂರ್ಣವಾಗಿ ಇಳಿಯಲಿಲ್ಲ, ಕೆಲಸದ ಹೊರೆ ಹಾಗೆಯೇ ಇದೆ ಎಂದು ಸಂದರ್ಶಿತರೂ ಹೇಳಿದರು. ಅವರಲ್ಲಿ ಹೆಚ್ಚಿನವರು ವಿವರಿಸಿದ ನಿರಾಳ ಮನೆಯ ದಿನಗಳಿಗೆ ಸಂಬಂಧಿಸಿದ್ದು. ಅದನ್ನು ಈ ಪ್ರಶ್ನಾವಳಿ ಅಳೆಯುವುದಿಲ್ಲ.’ ಇಲ್ಲಿ ಯಾರೂ ಯಾರನ್ನೂ ಸೋಲಿಸಲಿಲ್ಲ, ಓದುಗನಿಗೂ ಒಂದು ಹೊಸ ವಿಷಯ ಸಿಕ್ಕಿತು.

‘81% ಸಂದರ್ಶಿತರು’ ಎಂದು ಬರೆಯಬೇಡಿ. 16ರಲ್ಲಿ 13ಕ್ಕೆ ಶೇಕಡಾ ಹಚ್ಚಿದ ಕೂಡಲೇ ಅದು ಸಮೀಕ್ಷೆಯ ಶೇಕಡಾ ಜೊತೆ ಹೋಲಿಕೆಗೆ ನಿಲ್ಲುತ್ತದೆ, ನೀವೇ ಕೈಯಾರೆ ಹೊಸ ವಿರೋಧ ಹುಟ್ಟಿಸಿದಂತೆ. ‘ಸಂದರ್ಶನಗಳು ಸಾಬೀತುಪಡಿಸಿದವು’ ಎಂಬ ಕ್ರಿಯಾಪದಕ್ಕೂ ಜಾಗವಿಲ್ಲ. ವಿವರಿಸಿದರು, ಹೇಳಿಕೊಂಡರು ಎಂದರೆ ಸಾಕು. ಆ ಕಡೆ, ಹೋಲಿಕೆಗೆ ಇನ್ನೊಂದು ಗುಂಪೇ ಇಲ್ಲದ ಸಮೀಕ್ಷೆಯಿಂದ ‘ಪದ್ಧತಿಯಿಂದಾಗಿ’ ಎಂಬ ಮಾತೂ ಬರಕೂಡದು.

ಹಂತ 7: ಸಾರಾಂಶವನ್ನು ಕೋಷ್ಟಕದ ಪಕ್ಕ ಇಟ್ಟು ಓದಿ

ಚರ್ಚೆಯ ಭಾಗದಲ್ಲಿ ಇಷ್ಟೆಲ್ಲ ಎಚ್ಚರ ವಹಿಸಿದವರು 250 ಪದದ ಸಾರಾಂಶಕ್ಕೆ ಬಂದಾಗ ಜಾಗ ಸಾಲದೆ ಹಳೆಯ ‘ಆದರೆ’ಯನ್ನೇ ಮತ್ತೆ ತರುತ್ತಾರೆ. ಸಾರಾಂಶದ ಒಂದೊಂದು ವಾಕ್ಯಕ್ಕೂ ಕೋಷ್ಟಕದ ಯಾವ ಸಾಲು ಆಧಾರ ಎಂದು ಅಂಚಿನಲ್ಲಿ ಸಂಖ್ಯೆ ಬರೆಯಿರಿ. ಸಂಖ್ಯೆ ಸಿಗದ ವಾಕ್ಯವನ್ನು ಹೊಡೆದುಹಾಕಿ.