ಕೊನೆಯ ಸ್ಲೈಡ್‌ನಲ್ಲಿ ಒಂದೇ ಕೆಲಸ ಹೇಳಿ

ಪ್ರೆಸೆಂಟೇಶನ್‌ನ ಬೇರೆ ಸ್ಲೈಡ್‌ಗಳು ಪರದೆಯ ಮೇಲೆ ಒಂದೆರಡು ನಿಮಿಷ ಇದ್ದು ಹೋಗುತ್ತವೆ. ಕೊನೆಯದು ಹಾಗಲ್ಲ. ಪ್ರಶ್ನೋತ್ತರ ಮುಗಿದು ಜನ ಕುರ್ಚಿ ಬಿಟ್ಟು ಏಳುವವರೆಗೂ ಅದು ಅಲ್ಲೇ ಇರುತ್ತದೆ, ಕೆಲವೊಮ್ಮೆ ಕಾಲು ಗಂಟೆಗೂ ಹೆಚ್ಚು. ಇಷ್ಟು ಹೊತ್ತು ಕಣ್ಣೆದುರು ಇರುವ ಜಾಗವನ್ನು ‘ಧನ್ಯವಾದಗಳು’ ಎಂದೋ ‘ಪ್ರಶ್ನೆಗಳಿವೆಯೇ?’ ಎಂದೋ ಬರೆದು ಮುಗಿಸುವುದು ದುಂದು. ಅವೆರಡನ್ನೂ ಬಾಯಲ್ಲೇ ಹೇಳಬಹುದು. ಕೇಳಿದವರು ಹೊರಗೆ ಹೋಗಿ ಏನು ಮಾಡಬೇಕು ಎಂಬುದಕ್ಕೆ ಆ ಸ್ಲೈಡ್ ಮೀಸಲಿರಲಿ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಕಚೇರಿಯೊಂದರ 80 ಸಿಬ್ಬಂದಿಗೆ ಇಮೇಲ್ ಖಾತೆ ಕಳವಿನ ಬಗ್ಗೆ ಅರ್ಧ ಗಂಟೆಯ ಉಪನ್ಯಾಸ. ಅದರ ಕೊನೆಯ ಸ್ಲೈಡ್‌ನ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ಬಲವಾದ ಪಾಸ್‌ವರ್ಡ್ ಬಳಸಿ, ಎರಡು ಹಂತದ ಲಾಗಿನ್ ಬಗ್ಗೆ ಯೋಚಿಸಿ, ಅನುಮಾನದ ಮೇಲ್ ಬಂದರೆ ತಿಳಿಸಿ, ಸಹೋದ್ಯೋಗಿಗಳಲ್ಲಿ ಅರಿವು ಮೂಡಿಸಿ, ಹೆಚ್ಚಿನ ಮಾಹಿತಿಗೆ ಈ ವಿಳಾಸ ನೋಡಿ. ಐದೂ ಒಳ್ಳೆಯ ಮಾತುಗಳೇ. ಆದರೆ ಓದಿದವರು ತಲೆಯಾಡಿಸಿ ಎದ್ದು ಹೋಗುತ್ತಾರೆ, ಏಕೆಂದರೆ ಯಾವುದನ್ನು ಮೊದಲು, ಯಾವಾಗ ಮಾಡಬೇಕೆಂಬುದನ್ನು ಆರಿಸುವ ಹೊಣೆ ಅವರ ಮೇಲೇ ಬಿದ್ದಿದೆ.

ಮೊದಲು ವಾಕ್ಯ, ಆಮೇಲೆ ವಿನ್ಯಾಸ

ಸ್ಲೈಡ್ ತೆರೆಯುವ ಮುನ್ನ ಒಂದು ಕಾಗದದ ಮೇಲೆ ಒಂದೇ ವಾಕ್ಯ ಬರೆಯಿರಿ. ಅದರಲ್ಲಿ ಯಾವಾಗಿನೊಳಗೆ, ಯಾವುದಕ್ಕೆ, ಏನು ಮಾಡಬೇಕು ಎಂಬ ಮೂರೂ ಇರಬೇಕು. ಕ್ರಿಯಾಪದವನ್ನು ಒರೆಗೆ ಹಚ್ಚಲು ಒಂದು ಪ್ರಶ್ನೆ ಸಾಕು: ಆ ಕೆಲಸ ಆಯಿತೋ ಇಲ್ಲವೋ ಎಂದು ಪಕ್ಕದಲ್ಲಿ ಕುಳಿತವರು ನೋಡಿ ಹೇಳಬಲ್ಲರೇ? ‘ಯೋಚಿಸಿ’, ‘ಸಹಕರಿಸಿ’, ‘ಅರಿವು ಮೂಡಿಸಿ’ ಇವೆಲ್ಲ ಇಲ್ಲೇ ಬಿದ್ದುಹೋಗುತ್ತವೆ. ‘ಆನ್ ಮಾಡಿ’, ‘ಸಹಿ ಹಾಕಿ’, ‘ಹೆಸರು ಬರೆಸಿ’, ‘ದಿನಾಂಕ ಆರಿಸಿ’ ಉಳಿಯುತ್ತವೆ.

ಐದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು? ಸಭಾಂಗಣದಲ್ಲಿ ಕುಳಿತೇ ಶುರುಮಾಡಬಹುದಾದ, ಬೇರೆಯವರ ಅನುಮತಿ ಬೇಡದ ಕೆಲಸವನ್ನು. ನಮ್ಮ ಉದಾಹರಣೆಯಲ್ಲಿ ಅದು ಎರಡು ಹಂತದ ಲಾಗಿನ್. ಎಲ್ಲರ ಕೈಯಲ್ಲೂ ಫೋನ್ ಇದೆ, ಕೆಲವೇ ನಿಮಿಷಗಳ ಕೆಲಸ. ವಾಕ್ಯ ಹೀಗಾಗುತ್ತದೆ: ‘ಇಂದು ಸಂಜೆ 6ರೊಳಗೆ ಕಚೇರಿ ಇಮೇಲ್‌ಗೆ ಎರಡು ಹಂತದ ಲಾಗಿನ್ ಆನ್ ಮಾಡಿ.’ ‘ಆದಷ್ಟು ಬೇಗ’ ಎಂದು ಬರೆದರೆ ಗಡುವು ಇಲ್ಲವೆಂದೇ ಲೆಕ್ಕ.

ಉಳಿದ ನಾಲ್ಕು ಮಾತುಗಳನ್ನು ಎಸೆಯಬೇಕಿಲ್ಲ, ಉಪನ್ಯಾಸದ ಒಳಗೇ ಹೇಳಿ. ವಿಭಾಗದ ಮುಖ್ಯಸ್ಥರಿಂದ ಬೇರೇನೋ ಆಗಬೇಕಿದ್ದರೆ ಅದನ್ನು ಅವರಿಗೆ ಪ್ರತ್ಯೇಕವಾಗಿ ಮೇಲ್ ಮಾಡಿ. ‘ಸಿಬ್ಬಂದಿ ಇದನ್ನು, ಮುಖ್ಯಸ್ಥರು ಅದನ್ನು’ ಎಂದು ಒಂದೇ ಸ್ಲೈಡನ್ನು ಎರಡು ಹೋಳು ಮಾಡಿದರೆ ಪ್ರತಿಯೊಬ್ಬರೂ ಮೊದಲು ತಮ್ಮದು ಯಾವುದೆಂದು ಹುಡುಕಬೇಕಾಗುತ್ತದೆ.

ಪರದೆಯ ಮೇಲೆ ಕೂರಿಸುವುದು

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ಹಾಗಾಗಿ ಸಾಲು ತನ್ನಷ್ಟಕ್ಕೆ ಮುರಿದುಕೊಳ್ಳಲು ಬಿಟ್ಟರೆ ಬಹುಮುಖ್ಯವಾದ ಪದವೇ ಅರ್ಧ ಕತ್ತರಿಸಿಕೊಂಡು ಕೊನೆಯ ಸಾಲಿಗೆ ಬೀಳುತ್ತದೆ. ಸಾಲನ್ನು ನೀವೇ ಮುರಿಯಿರಿ. ಪವರ್‌ಪಾಯಿಂಟ್‌ನಲ್ಲಿ Shift+Enter ಒತ್ತಿದರೆ ಹೊಸ ಪ್ಯಾರಾ ಆಗದೆ ಸಾಲು ಮಾತ್ರ ಮುರಿಯುತ್ತದೆ. ‘ಇಂದು ಸಂಜೆ 6ರೊಳಗೆ’ ಒಂದು ಸಾಲು, ‘ಕಚೇರಿ ಇಮೇಲ್‌ಗೆ’ ಇನ್ನೊಂದು, ‘ಎರಡು ಹಂತದ ಲಾಗಿನ್’ ಮತ್ತೊಂದು. ಕೊನೆಗೆ ‘ಆನ್ ಮಾಡಿ’ ಎಂಬುದು ತನ್ನದೇ ಸಾಲಿನಲ್ಲಿ ದಪ್ಪಕ್ಷರದಲ್ಲಿ, ಬೇರೆ ಬಣ್ಣದಲ್ಲಿ ಇರಲಿ. ಇಡೀ ಸ್ಲೈಡ್‌ನಲ್ಲಿ ಆ ಬಣ್ಣ ಮತ್ತೆಲ್ಲೂ ಬರಬಾರದು.

ಈ ನಾಲ್ಕು ಸಾಲಿಗೆ 40 ಪಾಯಿಂಟ್ ಅಕ್ಷರ ಇಡಿ. ಅದರ ಕೆಳಗೆ 28 ಪಾಯಿಂಟ್‌ನಲ್ಲಿ ಇನ್ನೊಂದು ಸಾಲು ಬರಲಿ: ‘ಫೋನ್ ಸಾಕು. ಸಿಕ್ಕಿಕೊಂಡರೆ ಬಾಗಿಲ ಬಳಿಯ ಮೇಜಿಗೆ ಬನ್ನಿ.’ ಇದು ಅಲಂಕಾರಕ್ಕಲ್ಲ. ಮಧ್ಯದಲ್ಲಿ ತೊಡಕಾದರೆ ಯಾರನ್ನು ಕೇಳುವುದು ಎಂಬ ಅಳುಕಿಗೇ ಹಲವರು ಕೆಲಸ ಮುಂದೂಡುತ್ತಾರೆ. ಸಾಲುಗಳ ನಡುವಿನ ಅಂತರ 1.2ರಷ್ಟಾದರೂ ಇರಲಿ; ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇನ್ನೊಂದು ಅಪಾಯ ಫಾಂಟ್‌ನದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಂಡ ಕನ್ನಡ ಅಕ್ಷರ ಸಭಾಂಗಣದ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೆ ರೂಪ ತಾಳುತ್ತದೆ, ನೀವು ಮುರಿದ ಸಾಲುಗಳೆಲ್ಲ ಕಲಸಿಹೋಗುತ್ತವೆ. ಪಿಡಿಎಫ್ ಪ್ರತಿಯೊಂದನ್ನು ಜೊತೆಗಿಟ್ಟುಕೊಳ್ಳಿ.

ಲೋಗೊ, ದೂರವಾಣಿ, ಸಾಮಾಜಿಕ ಜಾಲತಾಣದ ಚಿಹ್ನೆಗಳು, ಕೈಕುಲುಕುವ ಚಿತ್ರ ಯಾವುದೂ ಇಲ್ಲಿ ಬೇಡ.

ಕ್ಯೂಆರ್ ಕೋಡ್‌ನ ಲೆಕ್ಕ

ಆ ಕೆಲಸದ ಪುಟವನ್ನು ಫೋನ್‌ನಲ್ಲೇ ತೆರೆಯಲು ವಾಕ್ಯದ ಪಕ್ಕದಲ್ಲಿ ಕ್ಯೂಆರ್ ಕೋಡ್ ಇಡಬೇಕು. ಹೆಚ್ಚಿನ ಸ್ಲೈಡ್‌ಗಳು ಎಡವುವುದು ಇಲ್ಲೇ. ಮೂಲೆಯಲ್ಲಿ ಚಿಕ್ಕ ಕೋಡ್ ಅಂಟಿಸಿದರೆ ಮುಂದಿನ ಎರಡು ಸಾಲಿನವರು ಸ್ಕ್ಯಾನ್ ಮಾಡುತ್ತಾರೆ, ಹಿಂದಿನವರು ಫೋನ್ ಎತ್ತಿ ಹಿಡಿದು, ಆಗದೆ ಇಳಿಸುತ್ತಾರೆ. ಚಾಲ್ತಿಯಲ್ಲಿರುವ ಅಂದಾಜು ಸೂತ್ರ ಸರಳ: ಎಷ್ಟು ದೂರದಿಂದ ಸ್ಕ್ಯಾನ್ ಆಗಬೇಕೋ ಅದರ ಹತ್ತನೇ ಒಂದರಷ್ಟು ಅಗಲದ ಕೋಡ್ ಬೇಕು.

ನಮ್ಮ ಸಭಾಂಗಣದ ಕೊನೆಯ ಸಾಲು ಪರದೆಯಿಂದ 12 ಮೀಟರ್ ದೂರ ಎಂದುಕೊಳ್ಳಿ. ಹಾಗಾದರೆ ಪರದೆಯ ಮೇಲೆ ಕೋಡ್ 1.2 ಮೀಟರ್ ಅಗಲ ಇರಬೇಕು. ಪರದೆಯ ಅಗಲ 3 ಮೀಟರ್ ಆದರೆ ಕೋಡ್ ಅದರ ಐದರಲ್ಲಿ ಎರಡು ಪಾಲು. ಪವರ್‌ಪಾಯಿಂಟ್‌ನ ಅಗಲ ಸ್ಲೈಡ್ 13.33 ಇಂಚು ಅಗಲ, 7.5 ಇಂಚು ಎತ್ತರ. ಅದರಲ್ಲಿ ಕೋಡ್‌ಗೆ ಸುಮಾರು 5.3 ಇಂಚಿನ ಚೌಕ. ಸ್ಲೈಡ್‌ನ ಒಂದು ಪಕ್ಕವನ್ನೇ ಕೊಟ್ಟುಬಿಟ್ಟಂತೆ ಕಾಣುತ್ತದೆ, ಕೊಡಲೇಬೇಕು. ಇದೇ ದೂರಕ್ಕೆ ಪರದೆ 2 ಮೀಟರ್ ಮಾತ್ರ ಇದ್ದರೆ 8 ಇಂಚಿನ ಕೋಡ್ ಬೇಕಾಗುತ್ತದೆ, ಅದು ಸ್ಲೈಡ್‌ನ ಎತ್ತರಕ್ಕಿಂತ ಹೆಚ್ಚು. ಅಂಥ ಕಡೆ ಪರದೆಯ ಕೋಡನ್ನು ನಂಬದೆ, ಕೋಡ್ ಮುದ್ರಿಸಿದ ಚೀಟಿಗಳನ್ನು ಕುರ್ಚಿಗಳ ಮೇಲಿಡುವುದೇ ಜಾಣತನ.

ಕೋಡ್‌ನ ಒಳಗೆ ಎಷ್ಟು ಚೌಕಗಳಿವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಲಿಂಕ್ ಉದ್ದವಾದಷ್ಟೂ ಚೌಕಗಳು ಹೆಚ್ಚುತ್ತವೆ, ಒಂದೊಂದೂ ಕಿರಿದಾಗುತ್ತದೆ. ಕೋಡ್‌ನ ಸ್ವಲ್ಪ ಭಾಗ ಮಸುಕಾದರೂ ಓದಲು ನೆರವಾಗುವ ದೋಷ ತಿದ್ದುಪಡಿಯ ಮಧ್ಯಮ ಮಟ್ಟದಲ್ಲಿ, ಅಂದರೆ M ಆಯ್ಕೆಯಲ್ಲಿ, 26 ಅಕ್ಷರಗಳವರೆಗಿನ ಲಿಂಕ್ 25×25 ಚೌಕಗಳಲ್ಲಿ ಹಿಡಿಯುತ್ತದೆ. ಆನ್‌ಲೈನ್ ಫಾರ್ಮ್‌ನಿಂದ ನಕಲಿಸಿದ 150 ಅಕ್ಷರಗಳ ಲಿಂಕ್‌ಗೆ 49×49 ಬೇಕು. ಅಂದರೆ ಅದೇ 5.3 ಇಂಚಿನಲ್ಲಿ ಪ್ರತಿ ಚೌಕದ ಅಗಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಲಿಂಕ್ ಚಿಕ್ಕದು ಮಾಡಿ. `https://example.com/eradu` ಎಂಬಂಥ ವಿಳಾಸ 25 ಅಕ್ಷರಗಳಲ್ಲೇ ಮುಗಿಯುತ್ತದೆ. ಇದನ್ನೇ `example.com/eradu` ಎಂದು ಕೋಡ್‌ನ ಕೆಳಗೆ ದೊಡ್ಡದಾಗಿ ಬರೆದರೆ ಸ್ಕ್ಯಾನ್ ಆಗದವರು ಟೈಪ್ ಮಾಡಿಕೊಳ್ಳಬಹುದು. ವಿಳಾಸದಲ್ಲಿ ಸೊನ್ನೆಯೋ O ಅಕ್ಷರವೋ, ಒಂದೋ l ಅಕ್ಷರವೋ ಎಂದು ಗೊಂದಲವಾಗುವಂಥದ್ದು ಇರದಿರಲಿ.

ಕೋಡ್ ಬಿಳಿಯ ಮೇಲೆ ಕಪ್ಪಾಗಿಯೇ ಇರಲಿ. ಕಡು ಹಿನ್ನೆಲೆಯ ಮೇಲೆ ಬಿಳಿ ಕೋಡ್ ನೋಡಲು ಸೊಗಸು, ಆದರೆ ಕೆಲವು ಫೋನ್‌ಗಳು ಅದನ್ನು ಓದುವುದಿಲ್ಲ. ಸುತ್ತಲೂ ನಾಲ್ಕು ಚೌಕದಷ್ಟು ಖಾಲಿ ಬಿಳಿ ಅಂಚು ಬೇಕೇ ಬೇಕು. ಜಾಗ ಸಾಲದೆಂದು ಅದನ್ನು ಕ್ರಾಪ್ ಮಾಡಿದರೆ ಕೋಡ್ ಎಲ್ಲಿ ಶುರುವಾಗುತ್ತದೆಂಬುದೇ ಕ್ಯಾಮೆರಾಕ್ಕೆ ತಿಳಿಯದೆ ಹೋಗಬಹುದು.

ಸ್ಕ್ಯಾನ್ ಮಾಡಿದರೆ ತೆರೆಯುವ ಪುಟದಲ್ಲೂ ಅದೇ ಒಂದು ಕೆಲಸ ಇರಬೇಕು. ಸಂಸ್ಥೆಯ ಮುಖಪುಟಕ್ಕೆ ಕರೆದೊಯ್ದು ‘ಇನ್ನು ಹುಡುಕಿಕೊಳ್ಳಿ’ ಎಂದರೆ ಇಷ್ಟು ಹೊತ್ತು ಪಟ್ಟ ಶ್ರಮ ನೀರಿನಲ್ಲಿ ಹೋಮ. ನಮ್ಮ ಉದಾಹರಣೆಯಲ್ಲಿ ಫೋನ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಉಳಿಸಿಕೊಳ್ಳುವುದೂ ಮುಖ್ಯ. ಅದನ್ನು ಸ್ಲೈಡ್‌ಗೆ ತುರುಕಬೇಡಿ, ಈ ಪುಟದ ಕೊನೆಯ ಹಂತವಾಗಿ ಇಡಿ.

ವೇದಿಕೆಯ ಮೇಲೆ

ಸ್ಲೈಡ್ ಬಂದ ಕೂಡಲೇ ವಾಕ್ಯವನ್ನು ಒಮ್ಮೆ ಓದಿ, ಫೋನ್ ತೆಗೆಯಲು ಹೇಳಿ, ಇಪ್ಪತ್ತು ಸೆಕೆಂಡ್ ಸುಮ್ಮನಿರಿ. ಮಾತು ಮುಂದುವರಿಸಿದರೆ ಜನ ನಿಮ್ಮನ್ನು ನೋಡುತ್ತಾರೆ, ಫೋನ್ ಜೇಬಿನಲ್ಲೇ ಉಳಿಯುತ್ತದೆ. ಪ್ರಶ್ನೋತ್ತರ ಮುಗಿದ ಮೇಲೆ ಅದೇ ವಾಕ್ಯವನ್ನು ಪದ ಬದಲಿಸದೆ ಇನ್ನೊಮ್ಮೆ ಹೇಳಿ, ಇಲ್ಲದಿದ್ದರೆ ಕೊನೆಯ ಪ್ರಶ್ನೆ ಕೇಳಿದವರ ತಕರಾರೇ ಎಲ್ಲರ ತಲೆಯಲ್ಲಿ ಉಳಿಯುತ್ತದೆ.

ಪವರ್‌ಪಾಯಿಂಟ್‌ನಲ್ಲಿ ಕೊನೆಯ ಸ್ಲೈಡ್ ಮೇಲೆ ಕೈತಪ್ಪಿ ಇನ್ನೊಂದು ಕ್ಲಿಕ್ ಆದರೆ ಪರದೆ ಕಪ್ಪಾಗುತ್ತದೆ. ಇದಕ್ಕೆ ಸುಲಭದ ಮದ್ದು ಆ ಸ್ಲೈಡ್‌ನ ಎರಡು ಮೂರು ನಕಲು ಇಡುವುದು. ಒತ್ತಿದರೂ ನೋಡುವವರಿಗೆ ವ್ಯತ್ಯಾಸ ಕಾಣದು. ಪ್ರಶ್ನೆಗೆ ಉತ್ತರಿಸಲು ಹಳೆಯ ಸ್ಲೈಡ್‌ಗೆ ಹೋಗಬೇಕಾದರೆ ವಾಪಸು ಬರಲು ಕೊನೆಯ ಸ್ಲೈಡ್‌ನ ಸಂಖ್ಯೆ ಒತ್ತಿ Enter ಹೊಡೆಯಿರಿ. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡಿರಿ, ಎಲ್ಲರೆದುರು ಇಪ್ಪತ್ತು ಸ್ಲೈಡ್ ಸರಸರನೆ ಓಡಿಸುವುದು ತಪ್ಪುತ್ತದೆ.

ಮುನ್ನಾದಿನದ ಪರೀಕ್ಷೆ

ವಿಷಯ ಗೊತ್ತಿಲ್ಲದ ಒಬ್ಬರಿಗೆ ಸ್ಲೈಡನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿ, ‘ಈಗ ನೀವೇನು ಮಾಡಬೇಕು, ಯಾವಾಗಿನೊಳಗೆ?’ ಎಂದು ಕೇಳಿ. ‘ಏನೋ ಇಮೇಲ್ ಭದ್ರತೆ’ ಎಂಬ ಉತ್ತರ ಬಂದರೆ ವಿಷಯ ತಲುಪಿದೆ, ಕೆಲಸ ತಲುಪಿಲ್ಲ. ಕ್ರಿಯಾಪದದ ಸಾಲನ್ನು ಇನ್ನೂ ದೊಡ್ಡದು ಮಾಡಿ. ಬಳಿಕ ಅದೇ ಸಭಾಂಗಣದಲ್ಲಿ ದೀಪ ಹಾಕಿಯೇ, ಕೊನೆಯ ಸಾಲಿನಿಂದ, ಹಳೆಯ ಫೋನ್ ಒಂದರಲ್ಲಿ ಸ್ಕ್ಯಾನ್ ಮಾಡಿ ನೋಡಿ. ಆ ಫೋನ್ ನಿಮ್ಮ ಖಾತೆಗೆ ಲಾಗಿನ್ ಆಗಿರಬಾರದು. ಫಾರ್ಮ್ ಮಾಡಿದವರಿಗೆ ಸಲೀಸಾಗಿ ತೆರೆದು, ಉಳಿದವರಿಗೆ ‘ಅನುಮತಿ ಇಲ್ಲ’ ಎನ್ನುವ ಪುಟಗಳು ಅಪರೂಪವಲ್ಲ.

ಸಂಜೆ 6ಕ್ಕೆ ಎರಡು ಸಂಖ್ಯೆ ನೋಡಿ: ಪುಟ ತೆರೆದವರೆಷ್ಟು, ಲಾಗಿನ್ ಆನ್ ಮಾಡಿದವರೆಷ್ಟು. 80ರಲ್ಲಿ 70 ಮಂದಿ ಪುಟ ತೆರೆದು 20 ಮಂದಿ ಮಾತ್ರ ಮುಗಿಸಿದ್ದರೆ ಸ್ಲೈಡ್ ತನ್ನ ಪಾಲಿನ ಕೆಲಸ ಮಾಡಿದೆ, ತೊಡಕು ಪುಟದಲ್ಲಿದೆ. ತೆರೆದವರೇ 20 ಮಂದಿ ಇದ್ದು ಅವರೆಲ್ಲ ಮುಗಿಸಿದ್ದರೆ ಪುಟವನ್ನು ಮುಟ್ಟಬೇಡಿ. ಕೋಡ್‌ನ ಗಾತ್ರವನ್ನೂ ಆ ಇಪ್ಪತ್ತು ಸೆಕೆಂಡ್ ನೀವು ಸುಮ್ಮನಿದ್ದಿರೋ ಎಂಬುದನ್ನೂ ಮೊದಲು ಪರಿಶೀಲಿಸಿ.