ಸೂಜಿ ಪುಸ್ತಕದಲ್ಲಿ ಸಿಕ್ಕ ಭಾನುವಾರ
ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಾರ್ಮಿಕ ಆಡಿಟ್ ಮಾಡುವುದು ಹೇಗೆ? ತಪ್ಪು ಸಿಕ್ಕರೆ ಬಯರ್ ಏನು ಮಾಡಬೇಕು?

ವಿದೇಶದ ಬ್ರ್ಯಾಂಡ್‌ಗೆ, ಅಂದರೆ ಬಯರ್‌ಗೆ, ಬಟ್ಟೆ ಹೊಲಿಯುವ ಫ್ಯಾಕ್ಟರಿಗೆ ಸಾಮಾನ್ಯವಾಗಿ ವರ್ಷಕ್ಕೆ ಒಮ್ಮೆಯಾದರೂ ಆಡಿಟ್ ಬರುತ್ತದೆ, ಕಾರ್ಮಿಕರಿಗೆ ಸರಿಯಾದ ಕೂಲಿ, ರಜೆ ಸಿಗುತ್ತಿದೆಯಾ ಅಂತ ನೋಡಲು. ಬರುವ ದಿನ ಮೊದಲೇ ಗೊತ್ತಿದ್ದರೆ ಗೋಡೆಗೆ ಬಣ್ಣ ಬಳಿದಿರುತ್ತಾರೆ, ಫಸ್ಟ್ ಏಡ್ ಡಬ್ಬಿ ತುಂಬಿಸಿರುತ್ತಾರೆ, ಹಾಜರಿ ಪುಸ್ತಕ ನೀಟಾಗಿ ಜೋಡಿಸಿರುತ್ತಾರೆ. ಆ ನೀಟಾದ ಪುಸ್ತಕದ ಹಿಂದೆ ಇನ್ನೊಂದು ಪುಸ್ತಕ ಇದೆಯಾ ಅಂತ ನೋಡುವುದೇ ನಮ್ಮ ಮುಖ್ಯ ಕೆಲಸ. ಬೆಂಗಳೂರಿನ ಹೊರಗಿನ ಒಂದು ಫ್ಯಾಕ್ಟರಿಯಲ್ಲಿ ನಾನು ನೋಡಿದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲು ಬೇರೆ ಪುಸ್ತಕ ಕೇಳಿ

ಹಾಜರಿ ಮತ್ತು ಸಂಬಳದ ಪುಸ್ತಕ ಎಚ್‌ಆರ್ ಕೈಯಲ್ಲಿರುತ್ತವೆ. ತಿದ್ದುವುದಾದರೆ ಅವನ್ನೇ ತಿದ್ದುತ್ತಾರೆ. ಹಾಗಾಗಿ ಎಚ್‌ಆರ್ ಬರೆಯದ ಪುಸ್ತಕಗಳನ್ನು ಕೇಳಬೇಕು: ಗೇಟಿನಲ್ಲಿ ಸೆಕ್ಯುರಿಟಿ ಬರೆಯುವ ಲಾರಿ ಪುಸ್ತಕ, ಜನರೇಟರ್ ಡೀಸೆಲ್ ಪುಸ್ತಕ, ಕ್ವಾಲಿಟಿಯವರ ಚೆಕಿಂಗ್ ಶೀಟ್. ಇವೆಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಸೂಜಿ ಪುಸ್ತಕ.

ಮೆಷಿನ್ ಸೂಜಿ ಮುರಿದರೆ ತುಂಡು ಬಟ್ಟೆಯೊಳಗೆ ಉಳಿದುಬಿಡಬಾರದು. ಅದಕ್ಕೇ ಟೈಲರ್ ಎಲ್ಲ ಚೂರುಗಳನ್ನೂ ಹುಡುಕಿ ತಂದುಕೊಟ್ಟ ಮೇಲೇ ಹೊಸ ಸೂಜಿ ಸಿಗುತ್ತದೆ. ಆ ಚೂರುಗಳನ್ನು ಪುಸ್ತಕಕ್ಕೆ ಟೇಪ್ ಹಾಕಿ ಅಂಟಿಸಿ, ತಾರೀಖು, ಹೊತ್ತು, ಮೆಷಿನ್ ನಂಬರ್ ಬರೆಯುತ್ತಾರೆ. ಇದು ಬಯರ್‌ಗಳೇ ಕಡ್ಡಾಯ ಮಾಡಿಸಿದ ಪದ್ಧತಿ, ಆದ್ದರಿಂದ ಯಾರೂ ತಪ್ಪಿಸುವುದಿಲ್ಲ. ಇದನ್ನೂ ತಿದ್ದಬೇಕು ಅಂತ ಎಚ್‌ಆರ್‌ಗೆ ಹೊಳೆಯುವುದು ಕಡಿಮೆ.

ಆ ಫ್ಯಾಕ್ಟರಿಯ ಹಾಜರಿ ಪುಸ್ತಕದಲ್ಲಿ ಭಾನುವಾರಗಳೆಲ್ಲ ರಜೆ. ಸೂಜಿ ಪುಸ್ತಕ ತೆರೆದರೆ ಒಂದು ಭಾನುವಾರ ಬೆಳಿಗ್ಗೆ 11:20ಕ್ಕೆ ಸೂಜಿ ಮುರಿದಿದೆ, ಮಧ್ಯಾಹ್ನ ಮತ್ತೆರಡು. ರಜೆಯ ದಿನ ಸೂಜಿ ತಾನಾಗೇ ಮುರಿಯಲ್ಲ ಅಲ್ವಾ? ಹಿಂದಿನ ಪುಟಗಳನ್ನು ತಿರುವಿದಾಗ ಒಟ್ಟು ಮೂರು ಭಾನುವಾರ ಸಿಕ್ಕವು. ಅದೇ ದಿನಗಳಲ್ಲಿ ಡೀಸೆಲ್ ಕೂಡ ಖರ್ಚಾಗಿತ್ತು.

ಆಮೇಲೆ ಮಾತಾಡಿಸಿ

ಯಾರನ್ನು ಮಾತಾಡಿಸಬೇಕು ಅನ್ನುವುದನ್ನು ಎಚ್‌ಆರ್‌ಗೆ ಬಿಡಬೇಡಿ. ಲೈನಿನಲ್ಲಿ ನಡೆದು ನೀವೇ ಆರಿಸಿ. ಹೊಸದಾಗಿ ಸೇರಿದವರು, ಹೆಲ್ಪರ್‌ಗಳು, ಬೇರೆ ರಾಜ್ಯದಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರು ಅದರಲ್ಲಿ ಇರಲೇಬೇಕು. ಆಫೀಸಿನ ರೂಮು ಬೇಡ, ಅಲ್ಲಿ ಯಾರೂ ಬಾಯಿ ಬಿಡಲ್ಲ. ಫ್ಯಾಕ್ಟರಿಯ ಹೊರಗೆ, ಬಸ್ಸಿಗೆ ಕಾಯುವ ಜಾಗವಾದರೆ ಇನ್ನೂ ಒಳ್ಳೆಯದು.

‘ಓಟಿ ಮಾಡ್ತೀರಾ?’ ಅಂತ ಕೇಳಿದರೆ ಕಲಿಸಿಕೊಟ್ಟ ಉತ್ತರ ಬರುತ್ತದೆ. ನಾಲ್ಕು ಜನ ಒಂದೇ ವಾಕ್ಯ ಹೇಳಿದರೆ ಯಾರೋ ಪಾಠ ಮಾಡಿಸಿದ್ದಾರೆ ಅಂತಲೇ ಅರ್ಥ. ನಾನು ಒಬ್ಬರನ್ನು, ‘ಆ ಭಾನುವಾರ ಮನೇಲಿ ಏನಕ್ಕಾ ಅಡಿಗೆ?’ ಅಂತ ಕೇಳಿದೆ. ‘ಎಲ್ಲಿ ಮೇಡಂ ಅಡಿಗೆ, ಡಬ್ಬಿ ಕಟ್ಕೊಂಡು ಇಲ್ಲಿಗೇ ಬಂದಿದ್ವಲ್ಲ’ ಅಂದರು. ಸಂಜೆ ಕವರಿನಲ್ಲಿ 400 ರೂಪಾಯಿ ಕೊಟ್ಟಿದ್ದರು, ಚೀಟಿ ಇಲ್ಲ, ಸಹಿ ಇಲ್ಲ.

ಅವರು ಹೇಳಿದ್ದನ್ನು ನಾನು ವರದಿಯಲ್ಲಿ ಬರೆಯಲಿಲ್ಲ. ಸೂಜಿ ಪುಸ್ತಕದ ಪುಟ, ಡೀಸೆಲ್ ಪುಸ್ತಕದ ಪುಟ, ಇಷ್ಟೇ ಹಾಕಿದೆ. ಹೇಳಿದವರು ಯಾರು ಅಂತ ಗೊತ್ತಾದರೆ ಮಾರನೇ ದಿನವೇ ಆ ಅಕ್ಕನ ಕೆಲಸ ಹೋಗಬಹುದು. ಮಾತಿನಿಂದ ತಿಳಿದದ್ದನ್ನು ಕಾಗದದಿಂದ ಸಾಬೀತು ಮಾಡಬೇಕು.

ಬಾಕಿ ಎಷ್ಟು?

ತಿಂಗಳ ಸಂಬಳ 12,480 ರೂಪಾಯಿ ಅಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 480, ಗಂಟೆಗೆ 60. ವಾರಕ್ಕೆ 48 ಗಂಟೆ ದುಡಿದ ಮೇಲೆ ಭಾನುವಾರವೂ ಬಂದರೆ ಅದು ಓಟಿ, ಅದಕ್ಕೆ ಇಮ್ಮಡಿ ಕೂಲಿ ಕೊಡಬೇಕು. ಅಂದರೆ ಎಂಟು ಗಂಟೆಗೆ 960. ಕವರಿನಲ್ಲಿ ಬಂದದ್ದು 400, ಬಾಕಿ 560. ಮೂರು ಭಾನುವಾರಕ್ಕೆ ಒಬ್ಬರಿಗೆ 1,680. 280 ಟೈಲರ್‌ಗಳಿಗೆ 4,70,400 ರೂಪಾಯಿ.

ಸಂಬಳದ ಮೂಲ ಅಂಕಿಯನ್ನೂ ಸುಮ್ನೆ ನಂಬಬೇಡಿ. ಫ್ಯಾಕ್ಟರಿ ಕೊಡುವ ಚಾರ್ಟ್ ಬಿಟ್ಟು ಸರ್ಕಾರದ ಕನಿಷ್ಠ ಕೂಲಿ ಆದೇಶದ ಜೊತೆಗೇ ತಾಳೆ ನೋಡಿ. 2020ರ ಏಪ್ರಿಲ್‌ನಲ್ಲಿ ಏರಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ ಸುಮಾರು 417 ರೂಪಾಯಿ, ಕರ್ನಾಟಕದ ಅನೇಕ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಕಾರ್ಮಿಕರ ಕೈ ಸೇರಲಿಲ್ಲ. ಏರಿಕೆಯನ್ನು ಮುಂದೂಡಿದ ಸರ್ಕಾರದ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟ ಮೇಲೂ ಹಣ ಬರಲಿಲ್ಲ. ಕಾರ್ಮಿಕ ಸಂಘಗಳು ಹಾಗೂ ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಅನ್ನುವ ಕಾರ್ಮಿಕ ಹಕ್ಕುಗಳ ಸಂಸ್ಥೆ ಬ್ರ್ಯಾಂಡ್‌ಗಳ ಬೆನ್ನುಬಿದ್ದ ಮೇಲೆ, 2022ರ ಹೊತ್ತಿಗೆ ದೊಡ್ಡ ಫ್ಯಾಕ್ಟರಿಗಳು ಬಾಕಿ ಕೊಡಲು ಒಪ್ಪಿದವು.

ಈಗ ಬಯರ್‌ನ ಸರದಿ

ಇಂಥ ವರದಿ ಕೈಗೆ ಬಂದಾಗ ಕೆಲವು ಬಯರ್‌ಗಳು ಮೊದಲು ಮಾಡುವುದು ಆರ್ಡರ್ ರದ್ದು. ಇದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆರ್ಡರ್ ಹೋದರೆ ಬೀದಿಗೆ ಬೀಳುವವರು ಅದೇ 280 ಜನ, ಅವರ ಬಾಕಿಯೂ ಅಲ್ಲಿಗೇ ಮುಳುಗುತ್ತದೆ. ಜರ್ಮನಿಯಲ್ಲಿ 2023ರಲ್ಲಿ ಜಾರಿಗೆ ಬಂದ ಸರಬರಾಜು ಸರಪಳಿ ಕಾನೂನು ಕೂಡ ಸಂಬಂಧ ಕಡಿದುಕೊಳ್ಳುವುದನ್ನು ಕಡೆಯ ದಾರಿ ಅಂತಲೇ ನೋಡುತ್ತದೆ. ಮಕ್ಕಳ ದುಡಿಮೆ, ಕೂಡಿಹಾಕಿ ದುಡಿಸುವುದು, ಬೀಗ ಹಾಕಿದ ತುರ್ತು ಬಾಗಿಲು, ಇವಕ್ಕೆ ಮಾತ್ರ ವಾಯಿದೆ ಇಲ್ಲ. ಅವತ್ತೇ ಸರಿಯಾಗಬೇಕು.

ಬಯರ್ ಮೊದಲು ಕೇಳಬೇಕಾದ ಪ್ರಶ್ನೆ, ಭಾನುವಾರ ಯಾಕೆ ದುಡಿಸಿದರು? ಇಲ್ಲಿ ಆರ್ಡರ್ 60,000 ಶರ್ಟು. 40 ಟೈಲರ್‌ಗಳ ಒಂದು ಲೈನ್ ದಿನಕ್ಕೆ ಸುಮಾರು 430 ಶರ್ಟು ಹೊಲಿಯುತ್ತದೆ. ಏಳು ಲೈನಿಗೆ 3,000. ಅಂದರೆ 20 ದಿನದ ಕೆಲಸ. ಮೊದಲು ಸಾಕಷ್ಟು ದಿನ ಇತ್ತು. ಬಟ್ಟೆಯ ಬಣ್ಣ ಒಪ್ಪಲು ಬಯರ್ ಕಚೇರಿಯವರೇ ತಡ ಮಾಡಿದರು, ಶಿಪ್‌ಮೆಂಟ್ ತಾರೀಖು ಮಾತ್ರ ಕದಲಲಿಲ್ಲ. ಹೊಲಿಗೆಗೆ ಉಳಿದದ್ದು 17 ದಿನ. ಕಡಿಮೆ ಬಿದ್ದ ಆ ಮೂರು ದಿನಗಳೇ ಸೂಜಿ ಪುಸ್ತಕದಲ್ಲಿ ಸಿಕ್ಕ ಮೂರು ಭಾನುವಾರ.

ಫ್ಯಾಕ್ಟರಿ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಇಮ್ಮಡಿ ಕೂಲಿ ಕೊಡಬೇಕಾದವರು ಅವರೇ, ಎರಡು ಲೆಕ್ಕ ಬರೆದವರೂ ಅವರೇ. ಆದರೆ ಆ ಬಾಕಿಯನ್ನು 60,000 ಶರ್ಟಿಗೆ ಹಂಚಿದರೆ ಒಂದಕ್ಕೆ ಎಂಟು ರೂಪಾಯಿಯೂ ಬೀಳುವುದಿಲ್ಲ. ತಡ ಮಾಡಿದ ಬಯರ್ ಅದರಲ್ಲಿ ಪಾಲು ಹೊರಬೇಕು ಅನ್ನುವುದು ನನ್ನ ಅಭಿಪ್ರಾಯ. ಜೊತೆಗೆ ಒಂದು ಲಿಖಿತ ಒಪ್ಪಂದ ಬೇಕು: ಬಯರ್ ಎಷ್ಟು ದಿನ ತಡ ಮಾಡುತ್ತಾರೋ ಶಿಪ್‌ಮೆಂಟ್ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ, ತಡವಾದ ಮಾಲನ್ನು ವಿಮಾನದಲ್ಲಿ ಕಳಿಸುವ ಏರ್ ಫ್ರೈಟ್ ಖರ್ಚು ಫ್ಯಾಕ್ಟರಿಯ ತಲೆಗೆ ಬರುವುದಿಲ್ಲ.

ಫ್ಯಾಕ್ಟರಿ ಬಾಕಿ ಕೊಡಲ್ಲ ಅಂದರೆ, ಇಲ್ಲವೇ ಮತ್ತೆ ಮತ್ತೆ ಸುಳ್ಳು ಪುಸ್ತಕ ತೋರಿಸಿದರೆ, ಆಗ ಹೊರಡಬಹುದು. ಹಾಗೆ ಹೊರಡುವಾಗಲೂ ಕೆಲವು ತಿಂಗಳ ಮುಂಚೆ ತಿಳಿಸಿ, ಹೊಲಿದ ಮಾಲಿಗೆ ಪೂರ್ತಿ ದುಡ್ಡು ಕೊಟ್ಟು ಹೋಗಬೇಕು.

ಹಣ ಮುಟ್ಟಿತೇ?

‘ಪಾವತಿಸಲಾಗಿದೆ’ ಅನ್ನುವ ಪತ್ರ ಸಾಲದು. ಬ್ಯಾಂಕ್ ಸ್ಟೇಟ್‌ಮೆಂಟನ್ನು ಆ ದಿನಗಳ ಟೈಲರ್‌ಗಳ ಪಟ್ಟಿ ಜೊತೆ ಹೆಸರು ಹೆಸರಾಗಿ ನೋಡಬೇಕು. ಅಷ್ಟರಲ್ಲಿ ಕೆಲಸ ಬಿಟ್ಟವರಿಗೂ ಕೊಡಬೇಕು, ಸಾಮಾನ್ಯವಾಗಿ ಮರೆತುಹೋಗುವುದು ಅವರೇ. ಇನ್ನೊಂದು ಮೋಸವೂ ಇದೆ. ಹಣ ಖಾತೆಗೆ ಬಿದ್ದ ಮೇಲೆ ಸೂಪರ್‌ವೈಸರ್ ಬಂದು ನಗದಾಗಿ ವಾಪಸ್ ಕೇಳುತ್ತಾನೆ. ಅದಕ್ಕೇ ಒಂದು ತಿಂಗಳು ಬಿಟ್ಟು, ಯಾರಿಗೂ ಹೇಳದೆ ಮತ್ತೆ ಹೋಗಿ ಇಪ್ಪತ್ತು ಜನರನ್ನು ಹೊರಗೆ ಮಾತಾಡಿಸಬೇಕು. ‘ಬಂತಾ?’ ಅಂತ ಕೇಳಿ ಸುಮ್ಮನಾಗಬೇಡಿ, ‘ಅದರಲ್ಲಿ ಏನು ತಗೊಂಡ್ರಿ?’ ಅಂತ ಕೇಳಿ.

ನಾನು ಹಾಗೆ ಹೋದಾಗ ಒಬ್ಬರು ಮಗನ ಟ್ಯೂಷನ್ ಫೀಸ್ ಕಟ್ಟಿದೆ ಅಂದರು, ಇನ್ನೊಬ್ಬರು ಗಿರವಿ ಇಟ್ಟ ಓಲೆ ಬಿಡಿಸಿಕೊಂಡಿದ್ದರು. ಒಳಗೆ ಹೋಗಿ ಎಲ್ಲಕ್ಕಿಂತ ಮೊದಲು ಸೂಜಿ ಪುಸ್ತಕ ತರಿಸಿದೆ. ಶನಿವಾರದ ಚೂರುಗಳಾದ ಮೇಲೆ ಸೋಮವಾರದವೇ ಅಂಟಿಸಿದ್ದವು.