ನಡುವರ್ಷದಲ್ಲಿ ಮೈಸೂರಿಗೆ ವರ್ಗವಾದರೆ ಮಕ್ಕಳಿಗೆ ಶಾಲೆ ಹುಡುಕುವುದು ಹೇಗೆ?

ಬೇಸಿಗೆಯಲ್ಲಿ ಶಾಲೆ ಹುಡುಕುವವರು ಮೊದಲು ಬೋರ್ಡ್ ನೋಡುತ್ತಾರೆ, ಆಮೇಲೆ ಫೀಸು, ಕೊನೆಗೆ ದೂರ. ದಸರಾ ಹೊತ್ತಿಗೆ ವರ್ಗಾವಣೆ ಆದೇಶ ಕೈಗೆ ಬಂದವರು ಮೊದಲು ನೋಡಬೇಕಾದದ್ದು ಮಗು ಯಾವ ತರಗತಿಯಲ್ಲಿದೆ ಎಂಬುದನ್ನು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪುಣೆಯ ಕುಟುಂಬವೊಂದು ನವೆಂಬರ್ ಮೊದಲ ವಾರ ಹೆಬ್ಬಾಳ ಕೈಗಾರಿಕಾ ಪ್ರದೇಶದ ಹತ್ತಿರ ಮನೆ ಮಾಡುತ್ತದೆ. ಮಗ ಐದನೇ ತರಗತಿ, ಮಗಳು ಒಂಬತ್ತು. ಇಬ್ಬರೂ ಸಿಬಿಎಸ್‌ಇ.

ಮಗನ ದಾರಿ ಸಲೀಸು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿವರೆಗೆ ಮಗುವನ್ನು ಪರೀಕ್ಷೆ ಮಾಡಿ ಆರಿಸುವಂತಿಲ್ಲ, ಡೊನೇಷನ್ ಕೇಳುವಂತಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಟಿಸಿ ಬರುವುದು ತಡವಾಯಿತೆಂದು ಪ್ರವೇಶ ತಡೆಯುವಂತೆಯೂ ಇಲ್ಲ. ಸೀಟು ಇದೆಯೇ, ಕನ್ನಡವನ್ನು ಅಕ್ಷರದಿಂದ ಕಲಿಸಲು ಬೇರೆ ತರಗತಿ ಇಟ್ಟಿದ್ದಾರೆಯೇ ಎಂಬ ಎರಡು ಪ್ರಶ್ನೆ ಸಾಕು. ಎರಡನೆಯದಕ್ಕೆ ‘ಮಕ್ಕಳ ಜತೆ ಸೇರಿ ಕಲಿತುಬಿಡ್ತಾನೆ ಬಿಡಿ’ ಎಂದರೆ, ಅಂಥ ತರಗತಿ ಇಲ್ಲವೆಂದೇ ತಿಳಿಯಿರಿ.

ಮಗಳದ್ದು ಸೂಕ್ಷ್ಮ. ಸಿಬಿಎಸ್‌ಇ ಒಂಬತ್ತನೇ ತರಗತಿಯ ಮಕ್ಕಳ ಹೆಸರನ್ನು ಬೋರ್ಡ್‌ನಲ್ಲಿ ನೋಂದಾಯಿಸುತ್ತದೆ. ಹಳೆಯ ಶಾಲೆಯಲ್ಲಿ ನೋಂದಣಿ ಮುಗಿದಿದ್ದರೆ ಹೊಸ ಶಾಲೆ ತಾನಾಗಿ ಹೆಸರು ಸೇರಿಸಿಕೊಳ್ಳಲಾರದು. ಬೋರ್ಡ್‌ನ ಅನುಮತಿ ಬೇಕು. ಮೈಸೂರಿನ ಶಾಲೆಗಳಿಗೆ ಅದು ಬೆಂಗಳೂರಿನ ಪ್ರಾದೇಶಿಕ ಕಚೇರಿ. ಅರ್ಜಿ ಹೋಗುವುದು ಶಾಲೆಯ ಮೂಲಕ. ತಂದೆ ಅಥವಾ ತಾಯಿಯ ವರ್ಗಾವಣೆ ಆದೇಶ, ಮೈಸೂರಿನ ಬಾಡಿಗೆ ಕರಾರು, ಅಂಕಪಟ್ಟಿ, ಟಿಸಿ ಮೊದಲೇ ಜೋಡಿಸಿಟ್ಟುಕೊಳ್ಳಿ. ಹೀಗೆ ಬಂದ ಮಗುವನ್ನು ಹಿಂದೆ ಸೇರಿಸಿಕೊಂಡಿದ್ದೀರಾ ಎಂದು ಪ್ರಿನ್ಸಿಪಾಲರನ್ನೇ ಕೇಳಿ. ‘ಆಮೇಲೆ ನೋಡೋಣ’ ಎಂದರೆ ಮುಂದಿನ ಶಾಲೆಗೆ ಹೋಗುವುದು ಕ್ಷೇಮ.

ಎರಡನೇ ಭಾಷೆಯದು ಇನ್ನೊಂದು ತೊಡಕು. ಪುಣೆಯಲ್ಲಿ ಮಗಳು ಮರಾಠಿ ಓದುತ್ತಿದ್ದರೆ ಇಲ್ಲಿ ಅದನ್ನು ಕಲಿಸುವವರು ಸಿಗುವುದು ಕಷ್ಟ. ಹಿಂದಿಯೋ ಸಂಸ್ಕೃತವೋ ಆಗಿದ್ದರೆ ನಿರಾಳ. ಸೀಟಿಗಿಂತ ಮೊದಲು ಇದನ್ನು ವಿಚಾರಿಸಿ.

ಬೋರ್ಡ್ ಹೆಸರನ್ನು ಫಲಕ ನೋಡಿ ನಂಬಬೇಡಿ. ‘ಸಿಬಿಎಸ್‌ಇ ಪಠ್ಯಕ್ರಮ’ ಎಂದು ಬರೆದ ಮಾತ್ರಕ್ಕೆ ಮಾನ್ಯತೆ ಇದೆ ಎಂದಲ್ಲ. ಮಾನ್ಯತೆ ಸಂಖ್ಯೆ ಕೇಳಿ, saras.cbse.gov.in ತಾಣದಲ್ಲಿ ಶಾಲೆ ಸಿಗುತ್ತದೆಯೇ ಹುಡುಕಿ. ಕರ್ನಾಟಕದ ಖಾಸಗಿ ಶಾಲೆಗಳ ಸಂಖ್ಯೆ 83ರಿಂದ ಶುರುವಾಗುತ್ತದೆ. ಮಾನ್ಯತೆ ಯಾವ ತರಗತಿವರೆಗೆ, ಯಾವ ವರ್ಷದವರೆಗೆ ಎಂಬುದನ್ನೂ ಓದಿ. ಹತ್ತರವರೆಗೆ ಇಲ್ಲದ ಶಾಲೆಗೆ ಒಂಬತ್ತರ ಹುಡುಗಿಯನ್ನು ಸೇರಿಸಿದರೆ ಬೋರ್ಡ್ ಪರೀಕ್ಷೆಯ ಹೊತ್ತಿಗೆ ಅವಳೇ ಸಿಕ್ಕಿಕೊಳ್ಳುತ್ತಾಳೆ.

ಫೀಸನ್ನು ಕರಪತ್ರದ ಅಂಕಿಯಿಂದ ಅಳೆಯಬೇಡಿ. ಮಗಳ ಹತ್ತನೇ ತರಗತಿ ಮುಗಿಯುವವರೆಗಿನ ಒಟ್ಟು ಮೊತ್ತ ಕೂಡಿ ನೋಡಿ. ಒಂದು ಶಾಲೆ ವರ್ಷಕ್ಕೆ 72,000 ರೂಪಾಯಿ ಹೇಳುತ್ತದೆ, ಈ ವರ್ಷ ಅರ್ಧ ಮಾತ್ರ ಕೇಳುತ್ತದೆ, ಪ್ರವೇಶ ಶುಲ್ಕ 20,000 ಎಂದುಕೊಳ್ಳಿ. ಒಟ್ಟು 1,28,000. ಇನ್ನೊಂದು ಶಾಲೆಯದು 60,000, ಆದರೆ ಈ ವರ್ಷದ್ದೂ ಪೂರ್ತಿ ಕಟ್ಟಬೇಕು, ಪ್ರವೇಶಕ್ಕೆ 15,000. ಒಟ್ಟು 1,35,000. ಅಗ್ಗವೆನಿಸಿದ್ದೇ ದುಬಾರಿಯಾಯಿತು. ಪ್ರವೇಶ ಶುಲ್ಕ ಮುಂದಿನ ವರ್ಷ ಮತ್ತೆ ಇರುವುದಿಲ್ಲ ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ.

ದೂರವನ್ನು ಕಿಲೋಮೀಟರಿನಲ್ಲಿ ಎಣಿಸಿ ಪ್ರಯೋಜನವಿಲ್ಲ. ನಿಮ್ಮ ಸ್ಟಾಪ್ ಬಸ್ಸಿನ ಎಷ್ಟನೆಯದು ಎಂದು ಕೇಳಿ. ಮೊದಲ ಸ್ಟಾಪಿನಲ್ಲಿ ಹತ್ತಿದ ಮಗು ವಿಜಯನಗರದ ಹಂತಗಳನ್ನೆಲ್ಲ ಸುತ್ತಿಕೊಂಡು ಬೋಗಾದಿ ಕಡೆ ಇಳಿಯುವಷ್ಟರಲ್ಲಿ ಸುಸ್ತಾಗಿರುತ್ತದೆ. ಶಾಲೆ ನಡೆಯುವ ದಿನ, ಬಸ್ ಹೊರಡುವ ಹೊತ್ತಿಗೇ ಅದರ ಹಿಂದೆ ಗಾಡಿಯಲ್ಲಿ ಒಮ್ಮೆ ಹೋಗಿ ನೋಡಿ. ರಜೆಯಲ್ಲಿ ನೋಡಿದ ರಸ್ತೆ ಲೆಕ್ಕಕ್ಕಿಲ್ಲ.

ಕೊನೆಗೆ ಟಿಸಿ. ಸೀಟು ಕೊಡುತ್ತೇವೆಂದು ಹೊಸ ಶಾಲೆ ಪತ್ರದಲ್ಲೋ ಇಮೇಲಿನಲ್ಲೋ ಬರೆದುಕೊಡುವವರೆಗೆ ಹಳೆಯ ಶಾಲೆಯಿಂದ ಟಿಸಿ ತೆಗೆದುಕೊಳ್ಳಬೇಡಿ. ತೆಗೆದುಕೊಳ್ಳುವ ದಿನ ಕಚೇರಿಯಲ್ಲೇ ಕೂತು ದೇಶದ ಶಾಲಾ ಮಕ್ಕಳ ವಿವರ ಇಡುವ ಯುಡೈಸ್ ಪ್ಲಸ್ ತಾಣದಲ್ಲಿ ಹಳೆಯ ಶಾಲೆಯ ಪಟ್ಟಿಯಿಂದ ಮಗುವಿನ ಹೆಸರು ಬಿಡಿಸಿ, ಮಗುವಿನ ಶಾಶ್ವತ ಶಿಕ್ಷಣ ಸಂಖ್ಯೆಯಾದ ಪೆನ್ ಬರೆದುಕೊಂಡು ಬನ್ನಿ. ಅಲ್ಲಿ ಹೆಸರು ಹಾಗೇ ಉಳಿದರೆ ಮೈಸೂರಿನ ಶಾಲೆಯ ಗುಮಾಸ್ತರಿಗೆ ಮಗುವನ್ನು ತಮ್ಮ ಪಟ್ಟಿಗೆ ಎಳೆದುಕೊಳ್ಳಲು ಆಗುವುದಿಲ್ಲ. ನೀವು ಪುಣೆಗೆ ಫೋನು ಮಾಡುತ್ತಾ ಕೂರಬೇಕಾಗುತ್ತದೆ.